ಉಸಿರು ಜೋರಾಗಿದ್ದರೂ ರಕ್ತದಲ್ಲಿ ಆಮ್ಲಜನಕ ಯಾಕೆ ಕಡಿಮೆ? ವಿ/ಕ್ಯೂ ಏರುಪೇರನ್ನು ಎಬಿಜಿ ವರದಿಯಲ್ಲಿ ಗುರುತಿಸುವ ಬಗೆ

ಆಸ್ತಮಾ ಜಾಸ್ತಿಯಾಗಿ 48 ವರ್ಷದ ಒಬ್ಬರು ತುರ್ತು ವಿಭಾಗಕ್ಕೆ ಬಂದಿದ್ದಾರೆ ಎಂದುಕೊಳ್ಳಿ. ನಿಮಿಷಕ್ಕೆ 28 ಸಲ ಉಸಿರಾಡುತ್ತಿದ್ದಾರೆ. ಎದೆ ತುಂಬ ಸುಂಯ್ ಎನ್ನುವ ಸದ್ದು. ಇನ್ನೂ ಆಕ್ಸಿಜನ್ ಕೊಟ್ಟಿಲ್ಲ. ಬೆರಳಿನ ಪಲ್ಸ್ ಆಕ್ಸಿಮೀಟರ್ 90 ತೋರಿಸುತ್ತಿದೆ. ಅಪಧಮನಿಯಿಂದ ರಕ್ತ ತೆಗೆದು ಎಬಿಜಿ ಮಾಡಿದಾಗ ವರದಿ ಹೀಗೆ ಬಂತು:

```
pH     7.47
PaCO2  34
PaO2   58
HCO3   24
FiO2   0.21
```

ಇದನ್ನು ನೋಡಿದ ಕೂಡಲೇ ಒಂದು ಪ್ರಶ್ನೆ ಏಳಬೇಕು. ಇವರು ಮಾಮೂಲಿಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಿದ್ದಾರೆ. ಇಂಗಾಲದ ಡೈಆಕ್ಸೈಡ್ 40ರಿಂದ 34ಕ್ಕೆ ಇಳಿದಿರುವುದೇ ಅದಕ್ಕೆ ಸಾಕ್ಷಿ. ಅಷ್ಟೊಂದು ಗಾಳಿ ಒಳಗೆ ಹೋಗುತ್ತಿದ್ದರೆ ಆಮ್ಲಜನಕ ಯಾಕೆ 58ಕ್ಕೆ ಬಿತ್ತು? ಒಂದು ಅನಿಲ ಚೆನ್ನಾಗಿ ಹೊರಗೆ ಹೋಗುತ್ತಿದೆ, ಇನ್ನೊಂದು ಒಳಗೆ ಬರುತ್ತಿಲ್ಲ. ಎರಡೂ ಓಡಾಡುವುದು ಅದೇ ಗಾಳಿಚೀಲಗಳ ಮೂಲಕ ಅಲ್ವಾ?

ಇದಕ್ಕೆ ಉತ್ತರ ಗಾಳಿ ಮತ್ತು ರಕ್ತದ ಹಂಚಿಕೆಯಲ್ಲಿದೆ. ನರ್ಸಿಂಗ್, ಫಿಸಿಯೋಥೆರಪಿ, ವೈದ್ಯಕೀಯ ಓದುವವರಿಗೆ ಮತ್ತು ವಾರ್ಡಿನಲ್ಲಿ ಎಬಿಜಿ ಓದಬೇಕಾದವರಿಗೆ ಈ ಒಂದೇ ಕೇಸನ್ನು ಹಿಡಿದು ಹೆಜ್ಜೆಹೆಜ್ಜೆಯಾಗಿ ಹೋಗೋಣ. ಒತ್ತಡಗಳೆಲ್ಲ ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿವೆ. ಪ್ರತಿ ಸಲ ಅದನ್ನು ಬರೆಯುವುದಿಲ್ಲ.

ಮೊದಲು ವಿ/ಕ್ಯೂ ಅಂದರೆ ಏನು

ನಿಮಿಷಕ್ಕೆ ಗಾಳಿಚೀಲಗಳಿಗೆ ತಲುಪುವ ಗಾಳಿಯೇ ವೆಂಟಿಲೇಷನ್. ಅವುಗಳನ್ನು ಸುತ್ತಿಕೊಂಡಿರುವ ಸಣ್ಣ ರಕ್ತನಾಳಗಳಲ್ಲಿ ನಿಮಿಷಕ್ಕೆ ಹರಿಯುವ ರಕ್ತವೇ ಪರ್ಫ್ಯೂಷನ್. ಆರಾಮಾಗಿ ಕೂತ ಆರೋಗ್ಯವಂತ ದೊಡ್ಡವರಲ್ಲಿ ಗಾಳಿ ಸುಮಾರು 4 ಲೀಟರ್, ರಕ್ತ ಸುಮಾರು 5 ಲೀಟರ್. ಗಾಳಿಯನ್ನು ರಕ್ತದಿಂದ ಭಾಗಿಸಿದರೆ 0.8, ಇದೇ ವಿ/ಕ್ಯೂ.

ಇದು ಇಡೀ ಶ್ವಾಸಕೋಶದ ಸರಾಸರಿ ಅಷ್ಟೇ. ಆರೋಗ್ಯವಂತರಲ್ಲೂ ಎಲ್ಲ ಕಡೆ ಈ ಅನುಪಾತ ಒಂದೇ ಇರುವುದಿಲ್ಲ. ನೆಟ್ಟಗೆ ಕೂತಾಗ ಅಥವಾ ನಿಂತಾಗ ರಕ್ತ ತೂಕಕ್ಕೆ ಕೆಳಗಿಳಿಯುತ್ತದೆ. ಗಾಳಿಯೂ ಕೆಳಭಾಗಕ್ಕೆ ಹೆಚ್ಚು ಹೋಗುತ್ತದೆ, ಆದರೆ ರಕ್ತದಷ್ಟು ಅಲ್ಲ. ಹಾಗಾಗಿ ಶ್ವಾಸಕೋಶದ ತುದಿಯಲ್ಲಿ ಅನುಪಾತ 3ಕ್ಕಿಂತ ಮೇಲಿರುತ್ತದೆ, ತಳದಲ್ಲಿ ಸುಮಾರು 0.6. ಇಷ್ಟು ಏರುಪೇರನ್ನು ದೇಹ ಸುಲಭವಾಗಿ ಸಹಿಸಿಕೊಳ್ಳುತ್ತದೆ. ರೋಗ ಬಂದಾಗ ಈ ವ್ಯತ್ಯಾಸ ತುಂಬಾ ಹಿಗ್ಗುತ್ತದೆ. ಒಂದು ಕಡೆ ರಕ್ತ ಇದೆ, ಗಾಳಿ ಸಾಲದು. ಇನ್ನೊಂದು ಕಡೆ ಗಾಳಿ ಇದೆ, ಅದಕ್ಕೆ ತಕ್ಕಷ್ಟು ರಕ್ತ ಇಲ್ಲ.

ಹೆಜ್ಜೆ 1: ಸ್ಯಾಂಪಲ್ ನಂಬಬಹುದಾ ನೋಡಿ

ಲೆಕ್ಕಕ್ಕೆ ಕೂರುವ ಮುಂಚೆ ಇದು ಆಗಲೇಬೇಕು. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ PaO2 ಸುಳ್ಳು ಹೇಳುತ್ತದೆ. ಕೋಣೆಯ ಗಾಳಿಯಲ್ಲಿ ಆಮ್ಲಜನಕದ ಒತ್ತಡ 150ರ ಆಸುಪಾಸಿನಲ್ಲಿದೆ. ಗುಳ್ಳೆ ರಕ್ತದ ಅಂಕಿಯನ್ನು ಅತ್ತ ಎಳೆಯುತ್ತದೆ, ಜೊತೆಗೆ PaCO2 ಇಳಿಸುತ್ತದೆ. ಅಪಧಮನಿ ಬದಲು ಅಭಿಧಮನಿಯ ರಕ್ತ ಬಂದಿದ್ದರೆ ಅಂಕಿ ತೀರಾ ಕೆಳಗೆ ಕಾಣುತ್ತದೆ. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ದಾರಿ ಇದೆ. ವರದಿಯ ಸ್ಯಾಚುರೇಷನ್ ಮತ್ತು ಬೆರಳಿನ ಆಕ್ಸಿಮೀಟರ್ ಅಂಕಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕೇಸಿನಲ್ಲಿ PaO2 58 ಅಂದರೆ ಸ್ಯಾಚುರೇಷನ್ ಸುಮಾರು 90. ಬೆರಳೂ 90 ಹೇಳುತ್ತಿದೆ. ಎರಡೂ ತಾಳೆಯಾಗುತ್ತವೆ.

ಇನ್ನೊಂದು ವಿಷಯ, ರಕ್ತ ತೆಗೆಯುವಾಗ ರೋಗಿ ಎಷ್ಟು ಆಕ್ಸಿಜನ್ ಮೇಲೆ ಇದ್ದರು ಅಂತ ಬರೆದಿಟ್ಟುಕೊಳ್ಳಿ. FiO2 ಗೊತ್ತಿಲ್ಲದ ಎಬಿಜಿಯಿಂದ ಮುಂದಿನ ಯಾವ ಲೆಕ್ಕವೂ ಆಗುವುದಿಲ್ಲ. ಮೂಗಿನ ನಳಿಗೆ ಹಾಕಿದ್ದರೆ ನಿಜವಾದ FiO2 ರೋಗಿ ಎಷ್ಟು ಜೋರಾಗಿ ಉಸಿರೆಳೆಯುತ್ತಾರೆ ಎಂಬುದರ ಮೇಲೆ ಬದಲಾಗುತ್ತದೆ. ಆಗ ಸಿಗುವ ಲೆಕ್ಕ ಅಂದಾಜು ಮಾತ್ರ. ಖಚಿತ ಬೇಕಾದರೆ ಕೋಣೆಯ ಗಾಳಿ ಅಥವಾ ವೆಂಚುರಿ ಮಾಸ್ಕ್ ಇರಬೇಕು. ಹಾಗಂತ ಉಸಿರಿಗೆ ಒದ್ದಾಡುತ್ತಿರುವವರ ಆಕ್ಸಿಜನ್ ಅನ್ನು ಲೆಕ್ಕಕ್ಕೋಸ್ಕರ ತೆಗೆಯಬೇಡಿ.

ಹೆಜ್ಜೆ 2: ಗಾಳಿಚೀಲದಲ್ಲಿ ಎಷ್ಟು ಇರಬೇಕಿತ್ತು ಲೆಕ್ಕ ಹಾಕಿ

```
PAO2 = FiO2 × (PB − 47) − PaCO2 / 0.8
```

PB ಅಂದರೆ ವಾತಾವರಣದ ಒತ್ತಡ, ಸಮುದ್ರ ಮಟ್ಟದಲ್ಲಿ 760. 47 ಎಂಬುದು ದೇಹದ ಬಿಸಿಯಲ್ಲಿ ನೀರಾವಿಯ ಒತ್ತಡ. ಒಳಗೆ ಹೋದ ಗಾಳಿಗೆ ತೇವ ಸೇರುವುದರಿಂದ ಅಷ್ಟನ್ನು ಕಳೆಯಬೇಕು. ಇಲ್ಲಿನ 0.8 ಮೇಲೆ ಹೇಳಿದ ವಿ/ಕ್ಯೂ ಅಲ್ಲ, ದೇಹ ಹೊರಬಿಡುವ ಇಂಗಾಲದ ಡೈಆಕ್ಸೈಡ್‌ಗೂ ಬಳಸುವ ಆಮ್ಲಜನಕಕ್ಕೂ ಇರುವ ಅನುಪಾತ. ನಮ್ಮವರು ಸಮುದ್ರ ಮಟ್ಟದಲ್ಲಿದ್ದಾರೆ ಎಂದುಕೊಂಡರೆ 0.21 × 713, ಅಂದರೆ ಸುಮಾರು 150. ಅದರಿಂದ 34 ÷ 0.8, ಅಂದರೆ 42.5 ಕಳೆಯಿರಿ. ಉಳಿದದ್ದು ಸುಮಾರು 107.

ಅಂದರೆ ಇವರು ಉಸಿರಾಡುತ್ತಿರುವ ರಭಸಕ್ಕೆ, ಶ್ವಾಸಕೋಶ ಎಲ್ಲ ಕಡೆ ಒಂದೇ ಸಮ ಕೆಲಸ ಮಾಡಿದ್ದರೆ, ಗಾಳಿಚೀಲದಲ್ಲಿ 107 ಇರಬೇಕಿತ್ತು.

ಇಲ್ಲಿ ತುಂಬ ಜನ ಮರೆಯುವುದು ಎತ್ತರವನ್ನು. ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿನ ಊರಿನಲ್ಲಿ ವಾತಾವರಣದ ಒತ್ತಡ ಸುಮಾರು 680 ಮಾತ್ರ. ಅಲ್ಲಿ 0.21 × 633, ಅಂದರೆ 133. ಅಂಥ ಕಡೆ ಅಭ್ಯಾಸಬಲದಿಂದ 760 ಹಾಕಿದರೆ ಇಲ್ಲದ 17ರ ವ್ಯತ್ಯಾಸ ಸುಮ್ನೆ ಹುಟ್ಟಿಕೊಳ್ಳುತ್ತದೆ. ಆರೋಗ್ಯವಂತರ ಶ್ವಾಸಕೋಶವೂ ಕೆಟ್ಟಿದೆ ಅನಿಸಿಬಿಡಬಹುದು. ಎಬಿಜಿ ಯಂತ್ರ ಆ ಹೊತ್ತಿನ ಒತ್ತಡವನ್ನು ತಾನೇ ಅಳೆದು ತೋರಿಸುತ್ತಿದ್ದರೆ ಅದನ್ನೇ ಬಳಸಿ.

ಹೆಜ್ಜೆ 3: ವ್ಯತ್ಯಾಸ ನೋಡಿ, ವಯಸ್ಸಿಗೆ ಹೋಲಿಸಿ

ಗಾಳಿಚೀಲದಲ್ಲಿ ಇರಬೇಕಾದದ್ದು 107, ಅಪಧಮನಿಯಲ್ಲಿ ಸಿಕ್ಕಿದ್ದು 58. ವ್ಯತ್ಯಾಸ 49. ಇದಕ್ಕೆ ಎ-ಎ ಗ್ರೇಡಿಯೆಂಟ್ ಎನ್ನುತ್ತಾರೆ.

ಕೋಣೆಯ ಗಾಳಿಯಲ್ಲಿ ಎಷ್ಟಿದ್ದರೆ ಸರಿ ಎಂಬುದಕ್ಕೆ ರೂಢಿಯಲ್ಲಿರುವ ಅಂದಾಜು: ವಯಸ್ಸನ್ನು 4ರಿಂದ ಭಾಗಿಸಿ 4 ಸೇರಿಸುವುದು. 48 ವರ್ಷಕ್ಕೆ 16. ಇವರದ್ದು ಅದರ ಮೂರು ಪಟ್ಟು. ಅಂದರೆ ತೊಂದರೆ ಶ್ವಾಸಕೋಶದ ಒಳಗೇ ಇದೆ.

ಈ ಹೆಜ್ಜೆಗೆ ಎಷ್ಟು ಬೆಲೆ ಇದೆ ಎಂದು ತಿಳಿಯಲು ಬೇರೆ ಥರದ ರೋಗಿಯೊಬ್ಬರನ್ನು ಪಕ್ಕದಲ್ಲಿಟ್ಟು ನೋಡಿ. ನೋವಿಗೆ ಕೊಟ್ಟ ಮಾರ್ಫಿನ್ ಜಾಸ್ತಿಯಾಗಿ ಒಬ್ಬರು ನಿಧಾನಕ್ಕೆ ಉಸಿರಾಡುತ್ತಿದ್ದಾರೆ. PaO2 52, PaCO2 72. ಅಂಕಿ ನಮ್ಮ ಆಸ್ತಮಾದವರಿಗಿಂತ ಕೆಟ್ಟದಾಗಿ ಕಾಣುತ್ತದೆ. ಆದರೆ ಲೆಕ್ಕ ಮಾಡಿದರೆ 150ರಿಂದ 90 ಕಳೆದು 60. ವ್ಯತ್ಯಾಸ ಬರೀ 8. ಅವರ ಶ್ವಾಸಕೋಶ ಚೆನ್ನಾಗಿದೆ, ಗಾಳಿ ಎಳೆಯುವ ಕೆಲಸ ಮಾತ್ರ ಕುಗ್ಗಿದೆ. ಅವರಿಗೆ ಬೇಕಿರುವುದು ಉಸಿರಾಟಕ್ಕೆ ಆಸರೆ ಮತ್ತು ಮಾರ್ಫಿನ್ ಇಳಿಸುವ ಔಷಧಿ. ನಮ್ಮವರಿಗೆ ಬೇಕಿರುವುದು ಬೇರೆಯೇ.

ಹೆಜ್ಜೆ 4: ಶ್ವಾಸಕೋಶವನ್ನು ಎರಡು ಪಾಲು ಮಾಡಿ ನೋಡಿ

ಈ ಲೇಖನದ ಜೀವಾಳ ಇದು. ಅವಸರ ಮಾಡದೆ, ಸಾಧ್ಯವಾದರೆ ಪೆನ್ನು ಹಿಡಿದು ಜೊತೆಗೇ ಲೆಕ್ಕ ಹಾಕಿ.

ಆಸ್ತಮಾದಲ್ಲಿ ಕೆಲವು ಕೊಳವೆಗಳು ಬಿಗಿದುಕೊಂಡು, ಕಫ ತುಂಬಿ ಕಿರಿದಾಗುತ್ತವೆ. ಉಳಿದವು ಹೆಚ್ಚೂಕಡಿಮೆ ತೆರೆದೇ ಇರುತ್ತವೆ. ನಿಜವಾದ ಶ್ವಾಸಕೋಶದಲ್ಲಿ ಇದರ ನಡುವಿನ ಹತ್ತಾರು ಹಂತಗಳಿರುತ್ತವೆ. ಆದರೆ ವಿಷಯ ತಿಳಿಯಲು ಎರಡೇ ಪಾಲು ಸಾಕು. ಒಂದು ತೆರೆದ ಪಾಲು, ಒಂದು ಕಟ್ಟಿಕೊಂಡ ಪಾಲು. ಎರಡಕ್ಕೂ ರಕ್ತ ಸಮನಾಗಿ, ನಿಮಿಷಕ್ಕೆ 2.5 ಲೀಟರ್ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಗಾಳಿ ಮಾತ್ರ ತೆರೆದ ಪಾಲಿಗೆ 5 ಲೀಟರ್, ಕಟ್ಟಿಕೊಂಡ ಪಾಲಿಗೆ ಬರೀ 0.6 ಲೀಟರ್.

ತೆರೆದ ಪಾಲಿನ ವಿ/ಕ್ಯೂ 2. ಕಟ್ಟಿಕೊಂಡ ಪಾಲಿನದ್ದು ಸುಮಾರು 0.25. ಈಗ ಒಟ್ಟು ನೋಡಿ. ಗಾಳಿ 5.6 ಲೀಟರ್, ರಕ್ತ 5 ಲೀಟರ್. ಇಡೀ ಶ್ವಾಸಕೋಶದ ಅನುಪಾತ 1.1. ಆರೋಗ್ಯವಂತರ 0.8ಕ್ಕಿಂತ ಇದು ಜಾಸ್ತಿ! ಸರಾಸರಿ ಮಾತ್ರ ನೋಡಿದವರಿಗೆ ಇವರಲ್ಲಿ ತೊಂದರೆಯೇ ಕಾಣುವುದಿಲ್ಲ.

ತೆರೆದ ಪಾಲಿನಲ್ಲಿ ಗಾಳಿ ಹೇರಳವಾಗಿರುವುದರಿಂದ ಅಲ್ಲಿಂದ ಹೊರಡುವ ರಕ್ತದ ಆಮ್ಲಜನಕ ಸುಮಾರು 120. ಕಟ್ಟಿಕೊಂಡ ಪಾಲಿನಲ್ಲಿ ರಕ್ತ ಆಮ್ಲಜನಕವನ್ನು ಹೀರಿಕೊಳ್ಳುವ ವೇಗಕ್ಕೆ ಹೊಸ ಗಾಳಿ ಬರುವುದಿಲ್ಲ. ಅಲ್ಲಿಂದ ಹೊರಡುವ ರಕ್ತದಲ್ಲಿ ಸುಮಾರು 45. ಎರಡೂ ಎಡ ಹೃತ್ಕರ್ಣದಲ್ಲಿ ಕೂಡಿಕೊಳ್ಳುತ್ತವೆ. ಅಲ್ಲಿ ಎಷ್ಟಾಗುತ್ತದೆ?

120 ಮತ್ತು 45 ಕೂಡಿಸಿ ಅರ್ಧ ಮಾಡಿದರೆ 82 ಬರುತ್ತದೆ. ಬಹಳ ಜನ ಇಲ್ಲೇ ಎಡವುವುದು. ಎರಡು ರಕ್ತ ಬೆರೆತಾಗ ಒತ್ತಡ ಸರಾಸರಿ ಆಗುವುದಿಲ್ಲ. ಸರಾಸರಿ ಆಗುವುದು ರಕ್ತ ಹೊತ್ತಿರುವ ಆಮ್ಲಜನಕದ ಪ್ರಮಾಣ. ಮೊದಲು ಪ್ರಮಾಣ ಕಂಡುಹಿಡಿಯಬೇಕು, ಆಮೇಲೆ ಅದನ್ನು ಒತ್ತಡಕ್ಕೆ ತಿರುಗಿಸಬೇಕು.

```
ಆಮ್ಲಜನಕದ ಪ್ರಮಾಣ = 1.34 × Hb × (ಸ್ಯಾಚುರೇಷನ್/100) + 0.003 × PO2
```

ಹಿಮೋಗ್ಲೋಬಿನ್ 15 ಗ್ರಾಂ ಎಂದಿಟ್ಟುಕೊಳ್ಳಿ. ಒತ್ತಡ 120 ಇರುವಲ್ಲಿ ಸ್ಯಾಚುರೇಷನ್ 98.5. ಹಾಗಾಗಿ ತೆರೆದ ಪಾಲಿನ ರಕ್ತದಲ್ಲಿ ಪ್ರತಿ 100 ಮಿಲಿಗೆ ಸುಮಾರು 20.2 ಮಿಲಿ ಆಮ್ಲಜನಕ. ಒತ್ತಡ 45 ಇರುವಲ್ಲಿ ಸ್ಯಾಚುರೇಷನ್ 80. ಕಟ್ಟಿಕೊಂಡ ಪಾಲಿನ ರಕ್ತದಲ್ಲಿ ಸುಮಾರು 16.2 ಮಿಲಿ. ರಕ್ತ ಸಮಪಾಲು ಆದ್ದರಿಂದ ನೇರ ಸರಾಸರಿ ತೆಗೆದರೆ 18.2 ಮಿಲಿ. ಇಷ್ಟು ಆಮ್ಲಜನಕ ಹೊತ್ತ ರಕ್ತದ ಸ್ಯಾಚುರೇಷನ್ ಸುಮಾರು 90. ಆ ಸ್ಯಾಚುರೇಷನ್‌ಗೆ ತಕ್ಕ ಒತ್ತಡ 58.

ವರದಿಯಲ್ಲಿದ್ದ ಅಂಕಿಯೇ ಬಂತು.

ತೆರೆದ ಪಾಲು ಇಷ್ಟು ಚೆನ್ನಾಗಿ ದುಡಿದರೂ ಕಟ್ಟಿಕೊಂಡ ಪಾಲಿನ ಕೊರತೆ ಯಾಕೆ ತುಂಬಲಿಲ್ಲ? ಹಿಮೋಗ್ಲೋಬಿನ್ ಗುಣವೇ ಹಾಗಿದೆ. ಒತ್ತಡ 100 ಮುಟ್ಟುವಷ್ಟರಲ್ಲಿ ಅದು ಸುಮಾರು 97 ಶೇಕಡಾ ತುಂಬಿರುತ್ತದೆ. ಅಲ್ಲಿಂದ ಮೇಲೆ ಒತ್ತಡ ಏರಿಸುವುದು ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ. ಇವರು ಇನ್ನೂ ಜೋರಾಗಿ ಉಸಿರಾಡಿ ತೆರೆದ ಪಾಲಿನ ಒತ್ತಡವನ್ನು 120ರಿಂದ 140ಕ್ಕೆ ಏರಿಸಿದರು ಎಂದುಕೊಳ್ಳಿ. ಸ್ಯಾಚುರೇಷನ್ ಒಂದು ಶೇಕಡಾ ಕೂಡ ಏರುವುದಿಲ್ಲ. 100 ಮಿಲಿ ರಕ್ತಕ್ಕೆ ಹೆಚ್ಚುವರಿ ಸಿಗುವುದು 0.2 ಮಿಲಿಯ ಒಳಗೆ. ಬೆರೆತ ಮೇಲೆ ಅದರ ಅರ್ಧ. ಕೊರತೆ ಇರುವುದೋ 4 ಮಿಲಿ. ಇನ್ನೊಂದು ತುದಿಯಲ್ಲಿ, ಒತ್ತಡ 60ಕ್ಕಿಂತ ಕೆಳಗೆ ಇಳಿದಾಗ ವಕ್ರರೇಖೆ ಕಡಿದಾಗುತ್ತದೆ. ಅಲ್ಲಿ ಸ್ವಲ್ಪ ಒತ್ತಡ ಇಳಿದರೂ ಸ್ಯಾಚುರೇಷನ್ ಬೇಗ ಬೀಳುತ್ತದೆ. ಲಾಭದ ಕಡೆ ಚಪ್ಪಟೆ, ನಷ್ಟದ ಕಡೆ ಇಳಿಜಾರು. ಹಾಗಾಗಿ ಏರುಪೇರು ಹೆಚ್ಚಾದಷ್ಟೂ ಅಪಧಮನಿಯ ಆಮ್ಲಜನಕ ಬೀಳಲೇಬೇಕು.

ಹೆಜ್ಜೆ 5: PaCO2 ಯಾಕೆ ಏರಲಿಲ್ಲ ಎಂದು ಕೇಳಿಕೊಳ್ಳಿ

ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಸಾಗುವ ರೀತಿಗೆ ಆ ಚಪ್ಪಟೆ ಭಾಗವಿಲ್ಲ. ದೇಹದಲ್ಲಿ ಕಾಣುವ ಒತ್ತಡಗಳ ಮಟ್ಟಿಗೆ ಅದರ ರೇಖೆ ಹೆಚ್ಚೂಕಡಿಮೆ ನೇರ. ಹಾಗಾಗಿ ತೆರೆದ ಪಾಲಿಗೆ ಹೆಚ್ಚು ಗಾಳಿ ಹೋದಷ್ಟೂ ಅಲ್ಲಿಂದ ಹೆಚ್ಚು ಹೊರಗೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಕಟ್ಟಿಕೊಂಡ ಪಾಲಿನಿಂದ ಬರುವ ರಕ್ತದಲ್ಲಿ ಅದು ಸುಮಾರು 42, ತೆರೆದ ಪಾಲಿನಿಂದ 27. ಬೆರೆತರೆ ಸುಮಾರು 34. ಇಲ್ಲಿ ಒಳ್ಳೆಯ ಪಾಲು ಕೆಟ್ಟ ಪಾಲಿನ ಕೆಲಸವನ್ನು ನಿಜವಾಗಿ ವಹಿಸಿಕೊಳ್ಳಬಲ್ಲದು.

ಆದ್ದರಿಂದ PaCO2 ಕಡಿಮೆ ಇದೆ ಎಂದು ಸಮಾಧಾನಪಡಬೇಡಿ. ಅದನ್ನು 34ರಲ್ಲಿ ಇಡಲು ಇವರು ನಿಮಿಷಕ್ಕೆ 28 ಸಲ ದುಡಿಯುತ್ತಿದ್ದಾರೆ. ಆ ದುಡಿಮೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದು ಬೇರೆ ಮಾತು. ಅದಕ್ಕೆ ಕೊನೆಯಲ್ಲಿ ಬರೋಣ.

ಹೆಜ್ಜೆ 6: ಆಕ್ಸಿಜನ್ ಕೊಟ್ಟು ಏನಾಗುತ್ತದೆ ನೋಡಿ

ಈಗ 28 ಶೇಕಡಾ ವೆಂಚುರಿ ಮಾಸ್ಕ್ ಹಾಕಿ. 20ರಿಂದ 30 ನಿಮಿಷ ಬಿಟ್ಟು ಮತ್ತೆ ಎಬಿಜಿ ಮಾಡಿ. ಕಟ್ಟಿಕೊಂಡ ಗಾಳಿಚೀಲಗಳಿಗೆ ಹೊಸ ಗಾಳಿ ತೊಟ್ಟುತೊಟ್ಟಾಗಿ ಹೋಗುವುದರಿಂದ ಅಲ್ಲಿನ ಒತ್ತಡ ಹೊಸ ಮಟ್ಟಕ್ಕೆ ಬರಲು ಹೊತ್ತು ಬೇಕು. ಐದೇ ನಿಮಿಷಕ್ಕೆ ರಕ್ತ ತೆಗೆದರೆ ಅರ್ಧ ದಾರಿಯ ಅಂಕಿ ಸಿಗುತ್ತದೆ.

ಕಟ್ಟಿಕೊಂಡ ಪಾಲಿಗೆ ಗಾಳಿ ಕಡಿಮೆ ಹೋಗುತ್ತಿದ್ದರೂ ಪೂರ್ತಿ ನಿಂತಿಲ್ಲ. ಹೋಗುವಷ್ಟು ಗಾಳಿಯಲ್ಲಿ ಆಮ್ಲಜನಕ ಹೆಚ್ಚಿದರೆ ಅಲ್ಲಿನ ಒತ್ತಡ 45ರಿಂದ ಸುಮಾರು 62ಕ್ಕೆ ಏರುತ್ತದೆ. 17 ಮಾತ್ರ ಏರಿದ್ದು. ಆದರೆ ಏರಿದ್ದು ಇಳಿಜಾರಿನ ಭಾಗದಲ್ಲಿ. ಸ್ಯಾಚುರೇಷನ್ 80ರಿಂದ 91ಕ್ಕೆ ಹಾರುತ್ತದೆ. ತೆರೆದ ಪಾಲಿನದ್ದು 99 ದಾಟಿರುತ್ತದೆ. ಬೆರೆತರೆ 95, ಅಂದರೆ PaO2 ಸುಮಾರು 78. ಇಷ್ಟು ಕಡಿಮೆ ಆಕ್ಸಿಜನ್‌ಗೆ ಇಷ್ಟು ಒಳ್ಳೆಯ ಫಲ ಸಿಕ್ಕರೆ ಅದು ವಿ/ಕ್ಯೂ ಏರುಪೇರಿನ ಗುರುತು.

ಇದೇ 58 ಷಂಟಿನಿಂದ ಬಂದಿದ್ದರೆ ಕಥೆ ಬೇರೆ. ಷಂಟ್ ಅಂದರೆ ಗಾಳಿ ಒಂದು ಚೂರೂ ಹೋಗದ ಕಡೆ ಹಾದು ಬರುವ ರಕ್ತ. ಕೀವು ತುಂಬಿದ ನ್ಯುಮೋನಿಯಾ, ಮುದುಡಿಕೊಂಡ ಶ್ವಾಸಕೋಶ, ನೀರು ತುಂಬಿದ ಗಾಳಿಚೀಲಗಳಲ್ಲಿ ಹೀಗಾಗುತ್ತದೆ. ಅಲ್ಲಿ ವಿ/ಕ್ಯೂ ಸೊನ್ನೆ. ಮಾಸ್ಕಿನಲ್ಲಿ ಏನೇ ಕೊಟ್ಟರೂ ಆ ರಕ್ತಕ್ಕೆ ತಲುಪುವುದೇ ಇಲ್ಲ. ನಮ್ಮ ಕೇಸಿನ ಉಳಿದ ಅಂಕಿಗಳನ್ನು ಹಾಗೇ ಇಟ್ಟು ಲೆಕ್ಕ ಹಾಕಿದರೆ, 58 ಬರಲು ಒಟ್ಟು ರಕ್ತದ ಸುಮಾರು 27 ಶೇಕಡಾ ಷಂಟ್ ಆಗಬೇಕು. ಅವರಿಗೆ ಇದೇ 28 ಶೇಕಡಾ ಮಾಸ್ಕ್ ಹಾಕಿದರೆ PaO2 63ರ ಆಸುಪಾಸು ಬಂದು ನಿಲ್ಲುತ್ತದೆ. ಪೂರ್ತಿ 100 ಶೇಕಡಾ ಆಕ್ಸಿಜನ್ ಕೊಟ್ಟರೂ 120ರ ಸುತ್ತಮುತ್ತ. ಬರೀ ಏರುಪೇರು ಇದ್ದವರಲ್ಲಿ 100 ಶೇಕಡಾ ಕೊಟ್ಟು ಸಾಕಷ್ಟು ಹೊತ್ತು ಕಾದರೆ 500 ದಾಟುತ್ತದೆ.

ಹಾಗಂತ ಪರೀಕ್ಷೆ ಮಾಡಿ ನೋಡಲು 100 ಶೇಕಡಾ ಕೊಡುವುದನ್ನು ನಾನು ಒಪ್ಪುವುದಿಲ್ಲ. ಗಾಳಿಚೀಲದಲ್ಲಿ ಸಾರಜನಕ ಇದ್ದರೆ ಅದು ರಕ್ತಕ್ಕೆ ಅಷ್ಟಾಗಿ ಸೇರದೆ ಒಳಗೇ ನಿಂತು ಚೀಲವನ್ನು ತೆರೆದಿಡುತ್ತದೆ. ಪೂರ್ತಿ ಆಕ್ಸಿಜನ್ ತುಂಬಿದರೆ, ಕಟ್ಟಿಕೊಂಡ ಚೀಲದಲ್ಲಿ ಬರುವುದಕ್ಕಿಂತ ಬೇಗ ರಕ್ತ ಅದನ್ನು ಹೀರಿಬಿಡುತ್ತದೆ. ಚೀಲ ಮುದುಡಿಕೊಳ್ಳುತ್ತದೆ. ಏರುಪೇರು ಇದ್ದ ಜಾಗ ಷಂಟ್ ಆಗಿ ಬದಲಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಏರಿಸಿ, ಫಲ ನೋಡಿ, ಮತ್ತೆ ಏರಿಸುವುದೇ ಸರಿ. ಜೀವಕ್ಕೆ ಅಪಾಯ ಇರುವಾಗ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆಗ ಬೇಕಾದಷ್ಟು ಕೊಡಲೇಬೇಕು.

ಇಲ್ಲೊಂದು ಬಲೆ ಇದೆ, ಎಚ್ಚರ. ಮಾಸ್ಕ್ ಹಾಕಿದ ಮೇಲಿನ ಎ-ಎ ಗ್ರೇಡಿಯೆಂಟ್ ಲೆಕ್ಕ ಹಾಕಿ ನೋಡಿ. PaCO2 ಇನ್ನೂ 34 ಇದ್ದರೆ 0.28 × 713 ಸುಮಾರು 200, ಅದರಲ್ಲಿ 42.5 ಕಳೆದರೆ 157. ಅದರಿಂದ 78 ಕಳೆದರೆ 79. ಮೊದಲು 49 ಇದ್ದದ್ದು ಈಗ 79! ಶ್ವಾಸಕೋಶ ಇನ್ನೂ ಕೆಟ್ಟಿತು ಅಂತ ಗಾಬರಿ ಬೀಳಬಹುದು. ಏನೂ ಕೆಟ್ಟಿಲ್ಲ. ಏರುಪೇರು ಹಾಗೇ ಇದೆ, ಒಳಗೆ ಹೋಗುವ ಆಮ್ಲಜನಕ ಮಾತ್ರ ಹೆಚ್ಚಿದೆ. FiO2 ಬದಲಾದರೆ ಗ್ರೇಡಿಯೆಂಟ್ ತಾನಾಗಿ ಬದಲಾಗುತ್ತದೆ. ಆದ್ದರಿಂದ ಬೆಳಿಗ್ಗೆಯದನ್ನೂ ಸಂಜೆಯದನ್ನೂ ಹೋಲಿಸುವಾಗ ಎರಡೂ ಒಂದೇ FiO2 ಮೇಲೆ ತೆಗೆದದ್ದಾಗಿರಬೇಕು. ವಯಸ್ಸಿನ ಆ ಅಂದಾಜು ಕೂಡ ಕೋಣೆಯ ಗಾಳಿಗೆ ಮಾತ್ರ ಸಲ್ಲುತ್ತದೆ.

ಹೆಜ್ಜೆ 7: ದೇಹ ತಾನೇ ಮಾಡಿಕೊಂಡ ವ್ಯವಸ್ಥೆಯನ್ನು ಕೆಡಿಸುತ್ತಿದ್ದೇವಾ ನೋಡಿ

ಗಾಳಿ ಕಡಿಮೆಯಾದ ಕಡೆ ರಕ್ತನಾಳಗಳು ತಾವೇ ಬಿಗಿದುಕೊಳ್ಳುತ್ತವೆ. ರಕ್ತ ಗಾಳಿ ಇರುವ ಕಡೆಗೆ ತಿರುಗುತ್ತದೆ. ದೇಹದ ಉಳಿದ ರಕ್ತನಾಳಗಳು ಆಮ್ಲಜನಕ ಕಡಿಮೆಯಾದರೆ ಹಿಗ್ಗುತ್ತವೆ. ಶ್ವಾಸಕೋಶದವು ಮಾತ್ರ ಉಲ್ಟಾ. ಇದನ್ನು 1946ರಲ್ಲಿ ವಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ತೋರಿಸಿದರು. ಈ ಬಿಗಿತ ಇಲ್ಲದಿದ್ದರೆ ನಮ್ಮ ರೋಗಿಯ PaO2 58ಕ್ಕಿಂತಲೂ ಕೆಳಗೆ ಇರುತ್ತಿತ್ತು.

ನಾವು ಕೊಡುವ ಚಿಕಿತ್ಸೆ ಕೆಲವೊಮ್ಮೆ ಈ ಬಿಗಿತವನ್ನು ಸಡಿಲಿಸುತ್ತದೆ. ಸಾಲ್ಬುಟಮಾಲ್ ನೆಬುಲೈಸೇಷನ್ ಕೊಳವೆಗಳನ್ನು ತೆರೆಯುತ್ತದೆ, ಅದು ಬೇಕೇಬೇಕು. ಆದರೆ ಅದು ರಕ್ತನಾಳಗಳನ್ನೂ ಸಡಿಲಿಸುತ್ತದೆ, ಹೃದಯದಿಂದ ಹೊರಡುವ ರಕ್ತವನ್ನೂ ಹೆಚ್ಚಿಸುತ್ತದೆ. ಕೊಳವೆ ತೆರೆಯುವ ಮೊದಲೇ ಕಟ್ಟಿಕೊಂಡ ಪಾಲಿಗೆ ರಕ್ತ ಜಾಸ್ತಿ ಹೋದರೆ ಸ್ಯಾಚುರೇಷನ್ ಸ್ವಲ್ಪ ಹೊತ್ತು ಇಳಿಯುತ್ತದೆ. ರೋಗಿಗೆ ಎದೆ ಹಗುರಾಗಿದೆ ಅನಿಸುತ್ತಿರುವಾಗಲೇ ಆಕ್ಸಿಮೀಟರ್ ಎರಡು ಮೂರು ಅಂಕಿ ಕೆಳಗಿಳಿದರೆ ಇದೇ ಕಾರಣ ಇರಬಹುದು. ಔಷಧಿ ನಿಲ್ಲಿಸಬೇಡಿ. ಇಂಥ ತೀವ್ರ ಆಸ್ತಮಾದಲ್ಲಿ ನೆಬುಲೈಸರನ್ನು ಗಾಳಿಯ ಬದಲು ಆಕ್ಸಿಜನ್‌ನಿಂದ ಓಡಿಸುವುದು ಇದಕ್ಕಾಗಿಯೇ.

ಸಿಒಪಿಡಿ ಇರುವವರಲ್ಲಿ ಈ ವಿಷಯ ಇನ್ನೂ ಗಂಭೀರ. ಅವರಿಗೆ ಬೇಕಾಬಿಟ್ಟಿ ಆಕ್ಸಿಜನ್ ಕೊಟ್ಟರೆ ಬಿಗಿದಿದ್ದ ನಾಳಗಳು ಸಡಿಲಾಗಿ, ಗಾಳಿ ಸರಿಯಾಗಿ ಆಡದ ಕಡೆಗೆ ರಕ್ತ ಮತ್ತೆ ಹೋಗುತ್ತದೆ. ಅಲ್ಲಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದಿಲ್ಲ. ಜೊತೆಗೆ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಅಂಟಿದಾಗ ಅದು ಹೊತ್ತಿದ್ದ ಇಂಗಾಲದ ಡೈಆಕ್ಸೈಡ್ ಅನ್ನು ಬಿಟ್ಟುಕೊಡುತ್ತದೆ. ಎರಡೂ ಸೇರಿ PaCO2 ಏರುತ್ತದೆ. ಆಮ್ಲಜನಕ ಸಿಕ್ಕಿದ್ದಕ್ಕೆ ಉಸಿರಾಡುವ ಪ್ರೇರಣೆಯೇ ನಿಂತುಹೋಯಿತು ಎಂಬ ಹಳೆಯ ವಿವರಣೆ ಪೂರ್ತಿ ಸರಿಯಲ್ಲ, ಅದರ ಪಾಲು ಸ್ವಲ್ಪ ಮಾತ್ರ. ಇಂಥವರಲ್ಲಿ ಸ್ಯಾಚುರೇಷನ್ 88ರಿಂದ 92ರ ನಡುವೆ ಇಟ್ಟರೆ ಸಾಕು. ನಮ್ಮ ಆಸ್ತಮಾ ರೋಗಿಗೆ ಈ ಮಿತಿ ಇಲ್ಲ. ಅವರಿಗೆ 94ರ ಮೇಲೆ ಇರುವಂತೆ ನೋಡಿಕೊಳ್ಳಬಹುದು.

ಒಂದೇ ಬದಿಯ ಶ್ವಾಸಕೋಶ ಕೆಟ್ಟಿದ್ದರೆ ಔಷಧಿಯೇ ಬೇಡದ ಒಂದು ಉಪಾಯ ಇದೆ. ದೊಡ್ಡವರನ್ನು ಒಳ್ಳೆಯ ಬದಿ ಕೆಳಗೆ ಬರುವಂತೆ ಮಗ್ಗುಲಾಗಿ ಮಲಗಿಸಿ. ರಕ್ತ ತೂಕಕ್ಕೆ ಕೆಳಗಿಳಿಯುತ್ತದೆ, ಗಾಳಿ ಇರುವ ಕಡೆಗೇ ಹೋಗುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಆಕ್ಸಿಮೀಟರ್ ಏರಿದರೆ ಫಲ ಸಿಕ್ಕಿದ ಹಾಗೆ. ಆದರೆ ಕೆಟ್ಟ ಬದಿಯಿಂದ ರಕ್ತ ಅಥವಾ ಕೀವು ಬರುತ್ತಿದ್ದರೆ ಹೀಗೆ ಮಾಡಬಾರದು. ಅದು ಒಳ್ಳೆಯ ಬದಿಗೆ ಹರಿದು ಅದನ್ನೂ ಕೆಡಿಸುತ್ತದೆ. ಹಸುಗೂಸುಗಳಿಗೂ ಈ ಉಪಾಯ ಹೊಂದುವುದಿಲ್ಲ. ಅವರಲ್ಲಿ ಗಾಳಿ ಮೇಲಿನ ಬದಿಗೆ ಜಾಸ್ತಿ ಹೋಗುತ್ತದೆ.

ಹೆಜ್ಜೆ 8: ಮುಂದಿನ ವರದಿಯಲ್ಲಿ ಮೊದಲು PaCO2 ನೋಡಿ

ನಮ್ಮವರಿಗೆ ಮಾಸ್ಕ್, ನೆಬುಲೈಸೇಷನ್, ಸ್ಟೀರಾಯ್ಡ್ ಎಲ್ಲ ಶುರುವಾಯಿತು. ಎರಡು ಗಂಟೆ ಬಿಟ್ಟು ಮತ್ತೆ ಎಬಿಜಿ ಮಾಡಿದಾಗ ಹೀಗೆ ಬಂತು ಎಂದುಕೊಳ್ಳಿ:

```
pH     7.38
PaCO2  42
PaO2   74
HCO3   24
FiO2   0.28
```

ವರದಿಯ ಅಂಚಿನಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿಗೆ ಹೋಲಿಸಿದರೆ pH ಮತ್ತು PaCO2 ಎರಡೂ ಸರಿಯಾಗಿವೆ. ಆಕ್ಸಿಮೀಟರ್ 94 ತೋರಿಸುತ್ತಿರುತ್ತದೆ. ಸುಧಾರಿಸುತ್ತಿದ್ದಾರೆ ಅಂತ ಬರೆದು ಮುಂದಿನ ಹಾಸಿಗೆಗೆ ಹೋಗುವುದು ಸುಲಭ.

ಆದರೆ 34 ಇದ್ದದ್ದು 42 ಆಗಿದೆ. ಇದಕ್ಕೆ ಎರಡು ಅರ್ಥ ಇರಬಹುದು. ಕೊಳವೆಗಳು ತೆರೆದು ಜೋರಾಗಿ ಉಸಿರಾಡುವ ಅಗತ್ಯ ಕಡಿಮೆಯಾಗಿರಬಹುದು. ಇಲ್ಲವೇ ದುಡಿದು ದುಡಿದು ಉಸಿರಾಟದ ಸ್ನಾಯುಗಳು ಸೋತಿರಬಹುದು. ಎರಡನ್ನೂ ಬೇರೆ ಮಾಡುವುದಕ್ಕೆ ಎಬಿಜಿ ಒಂದೇ ಸಾಲದು. ಹಾಸಿಗೆಯ ಪಕ್ಕ ನಿಂತು ನೋಡಬೇಕು. ಒಂದೇ ಉಸಿರಿನಲ್ಲಿ ಪೂರ್ತಿ ವಾಕ್ಯ ಹೇಳುತ್ತಿದ್ದಾರಾ? ಉಸಿರಿನ ವೇಗ ಇಳಿದು ಮುಖ ನಿರಾಳವಾಗಿದೆಯಾ? ಪೀಕ್ ಫ್ಲೋ ಏರಿದೆಯಾ? ಹೌದಾದರೆ ಮೊದಲನೇ ಅರ್ಥ. ಮಾತು ಒಂದೆರಡು ಪದಕ್ಕೆ ನಿಂತು, ಸುಂಯ್ ಸದ್ದೂ ಅಡಗಿ, ಕಣ್ಣು ಮುಚ್ಚುತ್ತಿದ್ದರೆ ಎರಡನೇ ಅರ್ಥ. ಸದ್ದು ಅಡಗಿದ್ದು ಗಾಳಿಯೇ ಆಡುತ್ತಿಲ್ಲ ಎಂಬ ಕಾರಣಕ್ಕೆ.

ಈ ಎರಡನೇ ಸ್ಥಿತಿಯಲ್ಲಿ ತೆರೆದ ಪಾಲು ಕೂಡ ಕೈಬಿಡುತ್ತಿದೆ. ಆಕ್ಸಿಮೀಟರ್ ಇದನ್ನು ಬೇಗ ಹೇಳುವುದಿಲ್ಲ. ಮಾಸ್ಕಿನ ಹೆಚ್ಚುವರಿ ಆಮ್ಲಜನಕ ಅದನ್ನು ಮುಚ್ಚಿಡುತ್ತದೆ. 42 ಎಂಬ ಅಂಕಿ ಸಾಮಾನ್ಯ ಮಿತಿಯೊಳಗೆ ಇದ್ದರೂ, ತೀವ್ರ ಆಸ್ತಮಾದಲ್ಲಿ ಏದುಸಿರು ಬಿಡುತ್ತಿರುವವರ ವರದಿಯಲ್ಲಿ ಅದನ್ನು ಜೀವಕ್ಕೆ ಅಪಾಯದ ಗುರುತು ಎಂದೇ ಓದಬೇಕು. ಹಿರಿಯ ವೈದ್ಯರನ್ನೂ ಐಸಿಯು ತಂಡವನ್ನೂ ಆಗಲೇ ಕರೆಯಿರಿ, 50 ದಾಟುವವರೆಗೆ ಕಾಯಬೇಡಿ.